ಪುಣೆಯ ಬಾಡಿಗೆ ಮನೆ: ಪೊಲೀಸ್ ಮಾಹಿತಿ ಮೊದಲು, ಸೊಸೈಟಿ ಪತ್ರ ಆಮೇಲೆ

"ಕಾಕಾ, 1ನೇ ತಾರೀಖಿಗೆ ಸಾಮಾನು ತರಬೇಕು. ಎನ್‌ಒಸಿ ಇಲ್ಲದೆ ಟೆಂಪೋ ಒಳಗೆ ಬಿಡಲ್ಲ ಅಂತಾರೆ ಸೊಸೈಟಿಯವರು, ಪೊಲೀಸ್ ವೆರಿಫಿಕೇಶನ್ ಆಗದೆ ಎನ್‌ಒಸಿ ಕೊಡಲ್ಲವಂತೆ. ಏನು ಮಾಡಲಿ?"

ನೋಡಪಾ, ಇವತ್ತು 20. ದಿನ ಇವೆ, ಆದರೆ ನಾಳೆಯೇ ಶುರು ಮಾಡಬೇಕು. ಮೊದಲು ಅಗ್ರಿಮೆಂಟ್. ನೋಟರಿ ಮಾಡಿಸಿದ ಕಾಗದ ಸಾಲದು, ಲೀವ್ ಆಂಡ್ ಲೈಸೆನ್ಸ್ ಅನ್ನೋ ಬಾಡಿಗೆ ಕರಾರಿನ ನೋಂದಣಿಯೇ ಆಗಬೇಕು. 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆಯ 55ನೇ ಕಲಂ ಆ ಹೊಣೆಯನ್ನ ಮಾಲೀಕರ ಮೇಲೆ ಹಾಕಿದೆ. ಏಜೆಂಟ್ ಮನೆಗೇ ಬಂದು ಹೆಬ್ಬೆಟ್ಟಿನ ಗುರುತು ತಗೋತಾನೆ. 25 ಸಾವಿರ ಬಾಡಿಗೆ, 75 ಸಾವಿರ ಡಿಪಾಸಿಟ್, 11 ತಿಂಗಳು ಅಂದರೆ ಸ್ಟಾಂಪ್ ಡ್ಯೂಟಿ ಸುಮಾರು 700 ರೂಪಾಯಿ, ನೋಂದಣಿ ಶುಲ್ಕ 1,000. ಏಜೆಂಟನ ಕೂಲಿ ಬೇರೆ. ಒಟ್ಟಿನ ಮೇಲೆ ಲೆಕ್ಕ ಹೇಳಿದರೆ ಬಿಡಿಸಿ ಕೇಳು.

ಹೆಸರಿನಲ್ಲಿ ಎಡವೋದು ನಮ್ಮವರೇ ಜಾಸ್ತಿ. ಆಧಾರಿನಲ್ಲಿ "ಎಂ. ಬಸವರಾಜ" ಅಂತಿರುತ್ತೆ, ಇಲ್ಲಿಯ ಫಾರಂ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ಕೇಳುತ್ತೆ. ಏಜೆಂಟ್ ಊರ ಹೆಸರನ್ನೇ ಅಡ್ಡಹೆಸರು ಮಾಡಿ ತುಂಬಿಬಿಡ್ತಾನೆ. ಆಮೇಲೆ ಅಗ್ರಿಮೆಂಟಿನಲ್ಲೊಂದು, ಆಧಾರಿನಲ್ಲೊಂದು ಅಂತ ಸೊಸೈಟಿ ಕಚೇರಿ ವಾಪಸ್ ಕಳಿಸುತ್ತೆ. ಹೆಬ್ಬೆಟ್ಟು ಒತ್ತೋ ಮುಂಚೆ ಕರಡನ್ನ ಆಧಾರ್ ಪಕ್ಕ ಇಟ್ಟು ಅಕ್ಷರ ಅಕ್ಷರ ನೋಡು. ಜೊತೆಗಿರೋ ಗೆಳೆಯನ ಹೆಸರೂ ಅದರಲ್ಲಿರಲಿ.

ಇನ್ನು ಪೊಲೀಸ್. "ವೆರಿಫಿಕೇಶನ್" ಅಂತ ಎಲ್ಲರೂ ಅಂತಾರೆ, ಆದರೆ ಮಾಡಬೇಕಾದ್ದು ಬರೀ ಮಾಹಿತಿ ಕೊಡೋದು. ಮಾಲೀಕರು ಪೊಲೀಸರ ಆನ್‌ಲೈನ್ ಪೋರ್ಟಲ್‌ನಲ್ಲಿ ಬಾಡಿಗೆದಾರರ ಮಾಹಿತಿಯ ಫಾರಂ ತುಂಬುತ್ತಾರೆ. ನಿನ್ನ ಫೋಟೋ, ಗುರುತಿನ ಚೀಟಿ, ಊರಿನ ಕಾಯಂ ವಿಳಾಸ, ಕೆಲಸದ ಜಾಗ, ನಿನ್ನನ್ನ ಬಲ್ಲವರ ಹೆಸರು ಫೋನ್ ನಂಬರು, ಇವನ್ನ ನೀನು ಇವತ್ತೇ ಕಳಿಸಿಬಿಡು. ಠಾಣೆ ಮಾತ್ರ ಫ್ಲ್ಯಾಟ್ ಯಾವುದರ ಹದ್ದಿನಲ್ಲಿದೆಯೋ ಅದೇ ಆಗಬೇಕು, ಮಾಲೀಕರು ಇರೋ ಕಡೆಯದಲ್ಲ. ತುಂಬಿದ ಮೇಲೆ ಬರೋ ರಸೀದಿಯೇ ನಿನಗೆ ಬೇಕಾದ ಕಾಗದ. ಪೊಲೀಸರು ಬಂದು ವಿಚಾರಿಸಲಿ ಅಂತ ಕಾಯ್ತಾ ಕೂರಬೇಡ.

ಸೊಸೈಟಿ ವಿಷಯ. ಸಹಕಾರಿ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಯಲ್ಲಿ ಬಾಡಿಗೆ ಕೊಡೋದಕ್ಕೆ ಅನುಮತಿ ಬೇಡ. ಆದರೆ ಮಾಲೀಕರು 8 ದಿನ ಮೊದಲೇ ತಿಳಿಸಬೇಕು, ನೋಂದಣಿಯಾದ ಅಗ್ರಿಮೆಂಟ್ ಮತ್ತು ಪೊಲೀಸ್ ರಸೀದಿಯ ಪ್ರತಿ ಕೊಡಬೇಕು. ಹಾಗಾಗಿ 22ಕ್ಕೆ ಅವರ ಸಹಿ ಇರೋ ಪತ್ರ ಕಚೇರಿಗೆ ಹೋಗಲಿ, ಎರಡು ಪ್ರತಿ. ಒಂದರ ಮೇಲೆ ಸಿಕ್ಕಾ, ತಾರೀಖು ಹಾಕಿಸಿ "ಪೋಚ್", ಅಂದರೆ ಪತ್ರ ಮುಟ್ಟಿದ ಗುರುತು, ತಗೊಂಡು ನಿನಗೆ ಫೋಟೋ ಕಳಿಸಲಿ, ಗೇಟಿನಲ್ಲಿ ಕೆಲಸಕ್ಕೆ ಬರೋದು ಅದೇ. ಅಷ್ಟರಲ್ಲಿ ನೋಂದಣಿ ಪ್ರತಿ ಕೈಗೆ ಬರದಿದ್ದರೆ, ಬಂದ ಕೂಡಲೇ ಕೊಡ್ತೀವಿ ಅಂತ ಪತ್ರದಲ್ಲೇ ಬರೆದು ಸೆಕ್ರೆಟರಿ ಜೊತೆ ಮಾಲೀಕರೇ ಮಾತಾಡಲಿ. ನೀನು ಮಾತಾಡಿದರೆ ಸೆಕ್ರೆಟರಿ ಕೇಳಲ್ಲ, ಸೊಸೈಟಿ ಸದಸ್ಯರು ಮಾಲೀಕರು. ನಿಮ್ಮದು ಸೊಸೈಟಿ ಅಲ್ಲ, ಅಪಾರ್ಟ್‌ಮೆಂಟ್ ಕಾಂಡೋಮಿನಿಯಂ ಆಗಿದ್ದರೆ ಅದರ ನಿಯಮವೇ ಬೇರೆ, ಮೊದಲು ಅದನ್ನ ಕೇಳಿಕೋ.

ಎನ್‌ಒಸಿಗೆ ಅಂತ ನಿನ್ನ ಹತ್ತಿರ ದುಡ್ಡು ಕೇಳಿದರೆ ರಸೀದಿ ಕೇಳು. ಬಾಡಿಗೆಗೆ ಕೊಟ್ಟಿದ್ದಕ್ಕೆ ಸೊಸೈಟಿ ಹಾಕೋ ನಾನ್ ಆಕ್ಯುಪೆನ್ಸಿ ಚಾರ್ಜು ಸರ್ವಿಸ್ ಚಾರ್ಜಿನ 10 ಪರ್ಸೆಂಟ್ ಮೀರಬಾರದು, ಅದು ಹೋಗೋದು ಮಾಲೀಕರ ಬಿಲ್ಲಿಗೆ. ಟೆಂಪೋ ಬರೋ ಹೊತ್ತು, ಲಿಫ್ಟ್ ಬಳಸೋ ಹೊತ್ತು ಇವನ್ನೂ 22ರಂದೇ ಕೇಳಿಟ್ಟುಕೋ.