ಮೂರು ಸಲ ಒತ್ತಿದ್ರ ಹಿಂದಿನ ಹಾಡು ಯಾಕ ಬರಲ್ಲ?

ಕೇಳಿದವರು, ಸೇಡಂ: ವೈರಿನ ಇಯರ್‌ಫೋನ್. ಬಟನ್ ಒಂದ್ಸಲ ಒತ್ತಿದ್ರ ಹಾಡು ನಿಲ್ತದ, ಎರಡು ಸಲಕ್ಕ ಮುಂದಿನ ಹಾಡು. ಮೂರು ಸಲ ಒತ್ತಿದ್ರ ಮುಂದಿನ ಹಾಡಿಗಿ ಹೋಗಿ ಅಲ್ಲೇ ನಿಂತುಬಿಡ್ತದ. ತಮ್ಮನ ಆಂಡ್ರಾಯ್ಡ್ ಫೋನಿಗಿ ಇದನ್ನೇ ಹಾಕಿದ್ರ ಹಿಂದಿನ ಹಾಡು ಸರಿಯಾಗಿ ಬರ್ತದ. ಇಯರ್‌ಫೋನ್ ಬದಲಿ ಮಾಡ್ಬೇಕಾ?

ಚಿತ್ತಾಪುರ: ಅಗ್ಗದ ಇಯರ್‌ಫೋನಿನ ರಿಮೋಟ್‌ದಾಗ ಮೂರು ಸಲ ಒತ್ತೋದು ಇರಂಗಿಲ್ರಿ. ಚಲೋ ಕಂಪನಿದು ತಗೋರಿ. ಬಟನ್‌ದಾಗ ಧೂಳ ಕುಂತ್ರನೂ ಹಿಂಗ ಆಗ್ತದ.

ಮೊಬೈಲ್ ರಿಪೇರಿ, ಕಲಬುರಗಿ: ದುಡ್ಡು ಉಳಿಸ್ಕೋರಿ, ಇಯರ್‌ಫೋನ್ ಬದಲಿ ಮಾಡಬ್ಯಾಡ್ರಿ. ಧೂಳಿನ ಮಾತು ಸುಳ್ಳಲ್ಲ, ಆದ್ರ ಧೂಳ ಇದ್ರ ಒತ್ತಿದ್ದು ಒಮ್ಮೊಮ್ಮೆ ತಪ್ತದ. ಪ್ರತಿ ಸಲ ಇದೇ ಥರ ಮುಂದೆ ಹೋಗಿ ನಿಲ್ಲಂಗಿಲ್ಲ.

ಈ ವೈರಿನ ರಿಮೋಟ್‌ದಾಗ ಎಣಿಸೋ ಬುದ್ಧಿ ಏನೂ ಇಲ್ಲ. ನಡುವಿನ ಬಟನ್ ಒತ್ತಿದ್ರ ಮೈಕಿನ ತಂತಿ ಗ್ರೌಂಡ್ ತಂತಿಗಿ ತಾಗ್ತದ, ಅಷ್ಟೇ. ವಾಲ್ಯೂಮ್ ಬಟನ್ ಇದ್ರ ಅವೂ ಹಂಗೇ, ನಡುವ ಒಂದೊಂದು ರೆಸಿಸ್ಟರ್ ಇರ್ತದ. ಆಂಡ್ರಾಯ್ಡ್ ಲೆಕ್ಕದಾಗ ಏರಿಸೋದಕ್ಕ 240 ಓಮ್, ಇಳಿಸೋದಕ್ಕ 470 ಓಮ್. ಎಷ್ಟು ಸಲ ಒತ್ತಿದ್ರಿ ಅಂತ ಎಣಿಸೋದು ಫೋನಿನ ಒಳಗ, ಹಾಡೋ ಆ್ಯಪ್ ಕಡೆ.

ಆಂಡ್ರಾಯ್ಡ್ ತಾನಾಗೇ ಆ್ಯಪಿಗಿ ಕೊಡೋ ಎಣಿಕೆ ಎರಡರ ತನಕ ಮಾತ್ರ. ಮೊದಲ ಸಲ ಒತ್ತಿದ ಕೂಡಲೇ ಹಾಡು ನಿಲ್ಲಂಗಿಲ್ಲ, 300 ಮಿಲಿಸೆಕೆಂಡ್ ಕಾಯ್ತದ. ಅಷ್ಟರೊಳಗ ಎರಡನೇದು ಬಂದ್ರ ‘ಮುಂದಿನ ಹಾಡು’ ಅಂತ ಅಲ್ಲೇ ತೀರ್ಮಾನ ಮಾಡಿ ಲೆಕ್ಕ ಮುಗಿಸ್ತದ. ನಿಮ್ಮ ಮೂರನೇದು ಹೊಸ ಲೆಕ್ಕದಾಗ ಒಂದನೇದು ಆಯ್ತು. ಮತ್ತ 300 ಕಾಯ್ತದ, ಯಾರೂ ಬರಲಿಲ್ಲ, ಹಾಡು ನಿಲ್ಲಸ್ತದ. ನಿಮಗ ಆಗ್ತಿರೋದು ಇದೇ.

ಖಾತ್ರಿ ಮಾಡ್ಕೋಬೇಕಂದ್ರ ಬ್ಯಾಗ ಬ್ಯಾಗ ನಾಲ್ಕು ಸಲ ಒತ್ತಿ ನೋಡ್ರಿ. ಎರಡು ಹಾಡು ಮುಂದೆ ಹೋದ್ರ ಆ್ಯಪ್ ಎರಡಕ್ಕೇ ನಿಲ್ತದ ಅಂತ ತಿಳೀರಿ. ತಮ್ಮನ ಫೋನ್‌ದಾಗ ಹಾಡೋ ಆ್ಯಪ್ ಬ್ಯಾರೆ ಅದ ಏನು?

ಬಸವಕಲ್ಯಾಣ: ನಂದೂ ಇದೇ ಗೋಳು. ಎರಡು ಸಲ ಒತ್ತಿದ್ರ ಹಾಡು ಬದಲಾಗೋದು ಬಿಟ್ಟು ಕೊನೆಗಿ ಮಾತಾಡಿದವ್ರಿಗಿ ಫೋನ್ ಹೋಗ್ತದ! ನೆಕ್‌ಬ್ಯಾಂಡ್ ನಂದು. ಆ್ಯಪ್ ಮೂರು ಬದಲಿಸಿದೆ, ಏನೂ ಫರಕ್ ಇಲ್ಲ.

ಮೊಬೈಲ್ ರಿಪೇರಿ, ಕಲಬುರಗಿ: ನಿಮ್ದು ಬ್ಲೂಟೂತ್, ಕಥಿ ಉಲ್ಟಾ. ಅದ್ರಾಗ ಎಣಿಸೋದು ನೆಕ್‌ಬ್ಯಾಂಡೇ. ಎಣಿಸಿ, ‘ಮುಂದಿನ ಹಾಡು’ ಅಥವಾ ‘ಕೊನೆಯ ನಂಬರಿಗಿ ಫೋನ್ ಹಚ್ಚು’ ಅಂತ ತಯಾರಾದ ಹುಕುಂ ಫೋನಿಗಿ ಕಳಸ್ತದ. ಅದಕ್ಕೇ ಆ್ಯಪ್ ಬದಲಿಸಿ ಉಪಯೋಗ ಆಗಲಿಲ್ಲ. ಡಬ್ಬಿಯೊಳಗಿನ ಚೀಟಿ ನೋಡ್ರಿ. ಭಾಳ ನೆಕ್‌ಬ್ಯಾಂಡ್‌ದಾಗ ಹಾಡು ಬದಲಿಸೋಕ ವಾಲ್ಯೂಮ್ ಬಟನ್ ಒತ್ತಿ ಹಿಡೀಬೇಕು. ಕಂಪನಿಯ ಆ್ಯಪ್ ಇದ್ರ ಅಲ್ಲಿ ಬದಲಿ ಮಾಡಬಹುದು, ಇಲ್ಲಂದ್ರ ಇದ್ದದ್ರಾಗೇ ಹೊಂದ್ಕೋಬೇಕು.

ಕೇಳಿದವರು, ಸೇಡಂ: ನಾಲ್ಕು ಸಲ ಒತ್ತಿದೆ, ಖರೇನೇ ಎರಡು ಹಾಡು ಮುಂದೆ ಹೋಯ್ತು. ತಮ್ಮ ಮ್ಯೂಸಿಕೋಲೆಟ್ ಇಟ್ಕೊಂಡಾನ, ನಂದು ಫೋನಿನ ಜೊತಿಗೇ ಬಂದದ್ದು.

ಯಾದಗಿರಿ: ಹಂಗಾದ್ರ ಅದನ್ನೇ ಹಾಕ್ಕೋರಿ ಅಕ್ಕಾ. ಮ್ಯೂಸಿಕೋಲೆಟ್ ಒಂದಕ್ಕ ನಿಲ್ಲಸ್ತದ, ಎರಡಕ್ಕ ಮುಂದೆ, ಮೂರಕ್ಕ ಹಿಂದೆ. ನಾಲ್ಕು, ಐದು ಅಂತ ಒತ್ತುತ್ತಾ ಹೋದ್ರ ಅದೇ ಹಾಡು ಮುಂದಕ್ಕ ಓಡ್ತದ. ಆದ್ರ ಅದು ಫೋನ್‌ದಾಗ ಇಳಿಸಿಟ್ಟ ಹಾಡಿಗಿ ಮಾತ್ರ, ನೆಟ್‌ದಾಗಿನ ಹಾಡಿಗಿ ಆಗಲ್ಲ.

ಇನ್ನೊಂದು. ಭಾಳ ಆ್ಯಪ್‌ದಾಗ ಹಾಡು ಶುರುವಾಗಿ ಮೂರ್ನಾಲ್ಕು ಸೆಕೆಂಡ್ ದಾಟಿದ್ರ ‘ಹಿಂದಿನದು’ ಅಂದ್ರ ಇದೇ ಹಾಡು ಮೊದಲಿಂದ. ಆಗ ಬಟನ್ ಕೆಟ್ಟದ ಅಂತ ತಿಳೀಬ್ಯಾಡ್ರಿ, ಮತ್ತೊಮ್ಮೆ ಮೂರು ಸಲ ಒತ್ತಿದ್ರ ಹಿಂದಿನ ಹಾಡಿಗಿ ಹೋಗ್ತದ.

ಕೇಳಿದವರು, ಸೇಡಂ: ಹಾಕಿದೆ, ಮೂರು ಸಲದ್ದು ಬಂತು. ಬಸ್ಸಿನ್ಯಾಗ ಮಾತ್ರ ಒಮ್ಮೊಮ್ಮೆ ಒತ್ತಿದ್ರ ಮ್ಯೂಸಿಕೋಲೆಟ್ ಬಿಟ್ಟು ವಿಡಿಯೋ ಆ್ಯಪ್ ಶುರು ಆಗ್ತದ.

ಮೊಬೈಲ್ ರಿಪೇರಿ, ಕಲಬುರಗಿ: ಆಂಡ್ರಾಯ್ಡ್ 8 ರಿಂದ ಈಚೆಗಿ, ಕೊನೆಗಿ ಸಪ್ಪಳ ಮಾಡಿದ ಆ್ಯಪಿಗಿ ಬಟನ್ ಹೋಗ್ತದ. ನಡುವ ವಿಡಿಯೋ ನೋಡಿದ್ರ ಬಟನ್ ಅದರ ಪಾಲು. ಮ್ಯೂಸಿಕೋಲೆಟ್ ತೆಗೆದು ಒಂದ್ಸಲ ಪರದೆ ಮ್ಯಾಲೇ ಹಾಡು ಹಚ್ಚಿದ್ರ ವಾಪಸ್ ಬರ್ತದ. ಕಂಪ್ಯೂಟರಿಗಿ ಫೋನ್ ಜೋಡಿಸಿ ನೋಡೋರಿಗಿ:

```
adb shell dumpsys media_session
```

ಅದ್ರಾಗ `Media button session is` ಅನ್ನೋ ಸಾಲಿನ ಮುಂದೆ ಬಟನ್ ಈಗ ಯಾವ ಆ್ಯಪಿನ ಕೈಯಾಗ ಅದ ಅಂತ ಇರ್ತದ.

ಕೇಳಿದವರು, ಸೇಡಂ: ವಿಡಿಯೋ ನೋಡದೇ ಇದ್ದಾಗನೂ ಎರಡು ಸಲ ಹಂಗಾಯ್ತಲ್ರೀ.

ಚಿತ್ತಾಪುರ: ಬ್ಯಾಟರಿ ಸೇವರ್ ಹಾಡಿನ ಆ್ಯಪ್ ಮುಚ್ಚಿರ್ತದ ನೋಡ್ರಿ. ಇಲ್ಲಾ, ನಾ ಅಂದ ಧೂಳ.