ಸಹಾಯ ಬೇಕು: ವಿಲ್‌ನಲ್ಲಿ ‘ಸ್ವಯಾರ್ಜಿತ’ ಅಂತ ಬರೆದರೆ ಸಾಕಾ?

ನಮ್ಮೂರು ಸಾಗರದ ಹತ್ತಿರ. ಅಪ್ಪ ಹೋದ ವರ್ಷ ತೀರಿಕೊಂಡರು, ಅಮ್ಮ ಮೊದಲೇ ಇಲ್ಲ. ಮಕ್ಕಳು ಅಣ್ಣ, ನಾನು ಇಬ್ಬರೇ. ರಿಜಿಸ್ಟರ್ ಆದ ವಿಲ್‌ನಲ್ಲಿ ತೋಟ, ಸೈಟು ಎರಡೂ ಅಣ್ಣನಿಗೆ.

ಎರಡು ಎಕರೆ ತೋಟ 1974ರ ಪಾಲುಪಟ್ಟಿಯಲ್ಲಿ ಅಜ್ಜನ ಕಡೆಯಿಂದ ಬಂದದ್ದು, ಪಿತ್ರಾರ್ಜಿತ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಅದರಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು. ಅಪ್ಪ ತಮ್ಮ ಮೂರನೇ ಒಂದು ಪಾಲನ್ನಷ್ಟೇ ವಿಲ್ ಮಾಡಬಹುದಿತ್ತು. ಇದನ್ನು ಅಣ್ಣನೂ ಒಪ್ಪಿದ್ದಾನೆ, ಮುಖ ಊದಿಸಿಕೊಂಡೇ.

ತಕರಾರು ಸೈಟಿನದ್ದು. 1996ರ ಕ್ರಯಪತ್ರ ಅಪ್ಪನ ಹೆಸರಲ್ಲಿದೆ. ಸ್ವಯಾರ್ಜಿತವೇ ಆಗಿದ್ದರೆ ಯಾರಿಗೆ ಬೇಕಾದರೂ ಬರೆಯಬಹುದು, ನಾನು ಸುಮ್ನಿರಬೇಕು. ಆದರೆ ಅಪ್ಪನಿಗೆ ಸಂಬಳ, ಅಂಗಡಿ ಏನೂ ಇರಲಿಲ್ಲ. ದುಡ್ಡೆಲ್ಲ ಆ ತೋಟದ ಅಡಿಕೆಯದ್ದೇ. ಕುಟುಂಬದ ಆಸ್ತಿಯ ಆದಾಯದಿಂದ ಕೊಂಡದ್ದೂ ಕುಟುಂಬದ್ದೇ ಅಲ್ವಾ? ತೋಟದಿಂದ ಸೈಟು ಕೊಳ್ಳುವಷ್ಟು ಹಣ ಉಳಿಯುತ್ತಿತ್ತು ಅಂತ ಮೊದಲು ನಾನೇ ತೋರಿಸಬೇಕು ಎನ್ನುತ್ತಾರೆ ವಕೀಲರು.

ಅಟ್ಟದ ಟ್ರಂಕಿನಲ್ಲಿ 1995ರ ಅಡಿಕೆ ಮಂಡಿಯ ಪಟ್ಟಿಗಳು ಸಿಕ್ಕಿವೆ, ಅರ್ಧ ಗೆದ್ದಲು ತಿಂದಿದೆ. ಇವು, ಜೊತೆಗೆ ಹಳೆಯ ಪಹಣಿ ಸಾಕಾಗುತ್ತಾ? ಇಂಥ ಕೇಸು ನಡೆಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.