ತೂಕಕ್ಕೆ ಮುಂಚೆ ರಾಶಿ ನೆನೆದರೆ ನಷ್ಟ ಯಾರಿಗೆ?

ಪ್ರಶ್ನೆ (ರಾಣೆಬೆನ್ನೂರು ಕಡೆಯ ವ್ಯಾಪಾರಿ): ಒಬ್ಬ ರೈತರ ಕಣದಲ್ಲಿದ್ದ ಗೋವಿನಜೋಳದ ಇಡೀ ರಾಶಿಯನ್ನು ಕ್ವಿಂಟಾಲಿಗೆ 2,100 ರೂಪಾಯಿಯಂತೆ ಮಾತಾಡಿ, 20,000 ಮುಂಗಡ ಕೊಟ್ಟೆ. ಸೋಮವಾರ ತೂಕ ಅಂತ ಆಗಿತ್ತು. ಭಾನುವಾರ ರಾತ್ರಿ ಮಳೆಗೆ ರಾಶಿ ನೆನೆಯಿತು. ಬೆಳಿಗ್ಗೆ ಬುಡದಲ್ಲಿ ಹಸಿರು ಬೂಷ್ಟು ಹಿಡಿದ ಗಂಟುಗಳೂ ಸಿಕ್ಕವು. "ಮುಂಗಡ ಕೊಟ್ಟ ಮೇಲೆ ಮಾಲು ನಿಮ್ಮದು" ಅಂತಾರೆ ರೈತರು. ಉಳಿದ ಹಣ ಕೊಡಲೇಬೇಕಾ ಸರ್?

ದಲಾಲಿ ಅಂಗಡಿಯವರು: ಪೂರ್ತಿ ರೊಕ್ಕ ಕೊಟ್ಟಿಲ್ಲ, ಮಾಲು ಎತ್ತಿಲ್ಲ. ಅಂದಮ್ಯಾಲ ತೂಕ ಆಗೂತನಕ ನಷ್ಟ ಮಾರಾಂವಂದ. ಇದರಾಗ ಕೇಳೂದೇನೈತಿ?

ವಕೀಲರು: ಯಜಮಾನ್ರೇ, ಕೊನೆಗೆ ನಿಮ್ಮ ಮಾತೇ ನಿಲ್ಲಬಹುದು, ಆದರೆ ನೀವು ಕೊಟ್ಟ ಕಾರಣಕ್ಕಲ್ಲ. ಹಣ ಬಾಕಿ ಇದೆ, ಮಾಲು ಎತ್ತಿಲ್ಲ ಎಂಬ ಮಾತ್ರಕ್ಕೆ ಒಡೆತನ ಮಾರಿದವರ ಹತ್ತಿರವೇ ಉಳಿಯುವುದಿಲ್ಲ. ಇಂಥದ್ದೇ ರಾಶಿ ಎಂದು ಗೊತ್ತಾಗಿ, ಅದು ಎತ್ತಿಕೊಂಡು ಹೋಗುವ ಸ್ಥಿತಿಯಲ್ಲಿದ್ದು, ಷರತ್ತಿಲ್ಲದೆ ವ್ಯಾಪಾರ ಕುದುರಿದರೆ ಆಗಲೇ ಮಾಲು ಕೊಂಡವರದು. 1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 20 ಹೇಳುವುದು ಇದನ್ನೇ. ಬೇರೆ ಒಪ್ಪಂದ ಇಲ್ಲದಿದ್ದರೆ ನಷ್ಟವೂ ಒಡೆತನದ ಜೊತೆಗೇ ಹೋಗುತ್ತದೆ.

ತೂಕದ ಮಾತು ಸೆಕ್ಷನ್ 22ರಲ್ಲಿದೆ. ಬೆಲೆ ಲೆಕ್ಕಕ್ಕಾಗಿ ಮಾರುವವರೇ ತೂಗಬೇಕಿದ್ದರೆ, ಅವರು ತೂಗಿ ಆ ಸುದ್ದಿ ನಿಮಗೆ ಮುಟ್ಟುವ ತನಕ ಒಡೆತನ ದಾಟದು. ತೂಗುವವರು ನೀವೇ ಆಗಿದ್ದರೆ ಈ ಸೆಕ್ಷನ್ ನೆರವಿಗೆ ಬರುವುದಿಲ್ಲ. 1863ರಲ್ಲಿ ಟರ್ಲಿ ಮತ್ತು ಬೇಟ್ಸ್ ಎಂಬವರ ನಡುವಿನ ಇಂಗ್ಲಿಷ್ ಮೊಕದ್ದಮೆಯಲ್ಲಿ ಜೇಡಿಮಣ್ಣಿನ ರಾಶಿಯನ್ನು ಕೊಂಡವರೇ ಸಾಗಿಸಿ ತೂಗಿಸಬೇಕಿತ್ತು. ತೂಕಕ್ಕೆ ಮುಂಚೆಯೇ ರಾಶಿ ಅವರದಾಗಿತ್ತು ಎಂದೇ ತೀರ್ಪಾಯಿತು. ಹಾಗಾಗಿ ಹೇಳಿ, ಕಾಟಾ ಯಾರದು? ತೇವಾಂಶದ ಬಗ್ಗೆ ಏನಾದರೂ ಮಾತಾಗಿತ್ತಾ?

ಪ್ರಶ್ನೆ ಕೇಳಿದವರು: ಕಾಟಾ, ಹಮಾಲರು ಎರಡೂ ನಮ್ಮ ಕಡೆಯವೇ. ಮೀಟರ್ ಹಾಕಿದಾಗ ತೇವಾಂಶ 18 ಇತ್ತು. "ಬಿಸಿಲಿಗೆ ಹರವಿ 14ಕ್ಕೆ ಇಳಿಸಿ ಕೊಡ್ತೀನಿ" ಎಂದು ರೈತರು ವಾಟ್ಸಾಪಿನಲ್ಲಿ ವಾಯ್ಸ್ ಕಳಿಸಿದ್ದಾರೆ.

ವಕೀಲರು: ಆ ವಾಯ್ಸ್ ಅಳಿಸಬೇಡಿ, ನಿಮ್ಮ ಇಡೀ ವಾದ ಅದರ ಮೇಲೆ ನಿಂತಿದೆ. ಮಾಲನ್ನು ಕೊಡುವ ಸ್ಥಿತಿಗೆ ತರಲು ಮಾರುವವರು ಮಾಡಬೇಕಾದ ಕೆಲಸ ಬಾಕಿ ಇದ್ದರೆ, ಅದು ಮುಗಿದು ಕೊಂಡವರಿಗೆ ಗೊತ್ತಾಗುವ ತನಕ ಮಾಲು ಮಾರುವವರದೇ. ಇದು ಸೆಕ್ಷನ್ 21. ಕಾಟಾ ನಿಮ್ಮದೇ ಆಗಿದ್ದರೂ ಒಣಗಿಸುವ ಹೊಣೆ ಅವರದಾಗಿತ್ತು. "ಒಣಗಿದೆ, ಬನ್ನಿ" ಎಂದು ಫೋನ್ ಬಂದಿತ್ತಾ?

ಪ್ರಶ್ನೆ ಕೇಳಿದವರು: ಶನಿವಾರ ಸಂಜೆ ಬಂದಿತ್ತು ಸರ್. ಆದರೆ ಮತ್ತೆ ಮೀಟರ್ ಹಾಕಿರಲಿಲ್ಲ.

ವಕೀಲರು: ಹಾಗಾದರೆ ಪೈಪೋಟಿ ಇರುವುದು ಇಲ್ಲೇ. ಶನಿವಾರ ನಿಜಕ್ಕೂ 14ಕ್ಕೆ ಇಳಿದಿದ್ದರೆ ಭಾನುವಾರದ ಮಳೆಯ ನಷ್ಟ ನಿಮ್ಮದು ಎಂದು ಅವರು ವಾದಿಸಬಹುದು. ಇಳಿದಿರಲಿಲ್ಲ ಎಂದಾದರೆ ಬರೀ ಫೋನ್ ಮಾಡಿದ್ದಕ್ಕೆ ಬೆಲೆಯಿಲ್ಲ. ಈಗ ರಾಶಿ ನೆನೆದಿರುವುದರಿಂದ ಅಳೆದು ತೋರಿಸುವುದು ಇಬ್ಬರಿಗೂ ಕಷ್ಟ.

ಬೂಷ್ಟಿನ ಲೆಕ್ಕವೇ ಬೇರೆ. ಒಂದು ರಾತ್ರಿಯ ಮಳೆಗೆ ಹಸಿರು ಬೂಷ್ಟು ಗಂಟು ಕಟ್ಟುವುದಿಲ್ಲ, ಅದು ಹಳೆಯದು. ಒಡೆತನ ನಿಮಗೆ ದಾಟಿದ್ದರೂ, ಮಾರುವಾಗಲೇ ಇದ್ದ ಕೆಡುಕು ನಿಮ್ಮ ತಲೆಗೆ ಬರುವುದಿಲ್ಲ. ಮೇಲಿನ ಹಿಡಿ ಕಾಳನ್ನು ಸ್ಯಾಂಪಲ್ ಎಂದು ಇಬ್ಬರೂ ಒಪ್ಪಿ ವ್ಯಾಪಾರ ಮಾಡಿದ್ದರೆ, ಬುಡದ ಕಾಳೂ ಹಾಗೇ ಇರಬೇಕೆಂಬ ಷರತ್ತು ಬಾಯಿಬಿಟ್ಟು ಹೇಳದಿದ್ದರೂ ಇರುತ್ತದೆ. "ಕಣದಲ್ಲಿ ನಿಂತು ನೋಡಿ ತಗೊಂಡ್ರಿ, ಸ್ಯಾಂಪಲ್ ಎಲ್ಲಿತ್ತು?" ಎಂದು ಅವರು ಕೇಳಿಯೇ ಕೇಳುತ್ತಾರೆ. ಬುಡ ಕಾಣದ ರಾಶಿಯಲ್ಲಿ ಹಿಡಿ ಕಾಳೇ ಸ್ಯಾಂಪಲ್ ಎಂಬುದು ನನ್ನ ಅಭಿಪ್ರಾಯ. ಎಲ್ಲ ವಕೀಲರೂ ಒಪ್ಪಲಾರರು.

ತಿಪಟೂರಿನ ಕೊಬ್ಬರಿ ವ್ಯಾಪಾರಿ: ನಂದೂ ಇದೇ ಕಥೆ ಸಾರ್. ತೋರಿಸಿದ ಕೊಬ್ಬರಿ ಬೆಳ್ಳಗಿತ್ತು. 40 ಚೀಲ ಬಂತು, 10 ಮಾರಿಬಿಟ್ಟೆ. ಆಮೇಲೆ ಉಳಿದ ಚೀಲ ಬಿಚ್ಚಿದ್ರೆ ಒಳಗೆಲ್ಲ ಬೂಷ್ಟು. 30 ಚೀಲ ವಾಪಸ್ ಕಳಿಸಬಹುದಲ್ವಾ?

ವಕೀಲರು: ಅಣ್ಣಾ, ನಿಮ್ಮಲ್ಲಿ ಒಡೆತನದ ಪ್ರಶ್ನೆಯೇ ಇಲ್ಲ, ಮಾಲು ಕೈಗೆ ಬಂದಾಗಿದೆ. ನಲವತ್ತೂ ಒಂದೇ ವ್ಯಾಪಾರವಾಗಿದ್ದರೆ ವಾಪಸಿನ ಹಕ್ಕು ಬಹುತೇಕ ಹೋದಂತೆ. ಬಂದ ಮಾಲನ್ನು ಮಾರಿದರೆ ಒಪ್ಪಿಕೊಂಡಂತೆ ಎನ್ನುತ್ತದೆ ಸೆಕ್ಷನ್ 42. ಬೆಲೆಯಲ್ಲಿ ಕಡಿತ ಅಥವಾ ನಷ್ಟಪರಿಹಾರ ಕೇಳುವ ದಾರಿ ಮಾತ್ರ ತೆರೆದಿದೆ. ಜೋಳದವರೂ ಗಮನಿಸಿ, ನೀವು ಆ ಕಾಳನ್ನು ಚೀಲಕ್ಕೆ ತುಂಬಿ ಅಂಗಡಿಗೆ ಸಾಗಿಸಿ ಮಾರಬೇಡಿ. ರೈತರ ಎದುರಿಗೇ ಬುಡದಿಂದ ಕಾಳು ತೆಗೆದು ಫೋಟೊ ತೆಗೆಯಿರಿ, ಬೇಡವೆಂದರೆ ಇವತ್ತೇ ಬರೆದು ತಿಳಿಸಿ. ಹೊತ್ತು ಹೋಗಿ ಹಿಂದಿರುಗಿಸಬೇಕಾಗಿಲ್ಲ, ತಿಳಿಸಿದರೆ ಸಾಕು.

ದಲಾಲಿ ಅಂಗಡಿಯವರು: ರೈತನೂ ಎರಡು ದಿನ ಹರವಿ ದುಡದಾನ ಸಾಹೇಬ್ರ. ಇಬ್ಬರನ್ನೂ ಅಂಗಡಿಗೆ ಕರದು ಅರ್ಧರ್ಧ ಮಾಡಿಸಿದ್ರ ಆಗೂದಿಲ್ಲೇನು?

ವಕೀಲರು: ಮಳೆಯ ನಷ್ಟಕ್ಕೆ ಆಗಬಹುದು. ಬೂಷ್ಟಿನ ಗಂಟುಗಳನ್ನು ಬೇರೆ ಮಾಡಿ ತೂಗಿಸಿ, ಆ ಲೆಕ್ಕವನ್ನು ಇದರಲ್ಲಿ ಕಲಸಬೇಡಿ.